ಆಯಿಯ ಅಡುಗೆಮನೆಯಲ್ಲಿ ಮುನ್ನಿ

ಕಲಬುರಗಿಯ ಬ್ರಹ್ಮಪುರದಿ ನಮ್ಮ ಹಳೆಯ ಮನೆಯಿದೆ,
ಶಹಾಬಾದ ಕಲ್ಲ ನೆಲದ ನಡುವೆ ಮಣ್ಣಿನೊಲೆಯಿದೆ;
ಒಲೆಯ ಮುಂದೆ ರೊಟ್ಟಿ ಬಡಿವ ಆಯಿ ಕುಳಿತ ಹೊತ್ತಿಗೆ
ಕಿಟಕಿಯಿಂದ ಮುನ್ನಿ ಬೆಕ್ಕು ಹಾಕುತ್ತದೆ ಮುತ್ತಿಗೆ.

ಮೈಯ ತುಂಬ ಬೂದಿ ಬಣ್ಣ, ಮೂಗ ಮೇಲೆ ಮಚ್ಚೆಯು,
ಒಂದು ಕಿವಿಯ ಅಂಚಿನಲ್ಲಿ ಜಗಳ ಬರೆದ ಹಚ್ಚೆಯು;
ಕಣ್ಣು ಮುಚ್ಚಿ ಹೊಸ್ತಿಲಲ್ಲಿ ಜಪಕೆ ಕುಳಿತ ಹಾಗಿದೆ,
ಆದರದರ ಬಾಲದಂಚು ಮೊಸರಿನತ್ತ ಬಾಗಿದೆ.

ಕೆನೆಯ ಮೊಸರು ಗಡಿಗೆಯಲ್ಲಿ ತುಂಬಿ ನೆಲುವಿಗೇರಿಸಿ,
"ಈಗ ಹೇಗೆ ತಿನ್ನುತೀಯೆ?" ಎಂದು ಬೆರಳ ತೋರಿಸಿ,
ಆಯಿ ಹೊರಗೆ ತೊಗರಿಬೇಳೆ ಕೇರಲೆಂದು ಹೋಗಲು,
ಜೋಳ ತುಂಬಿದಂಥ ಚೀಲ ಅದಕೆ ಮೊದಲ ಬಾಗಿಲು;
ಚೀಲದಿಂದ ಗೋಡೆಗೂಡು, ಗೂಡಿನಿಂದ ತೊಲೆಯನು
ಏರಿ, ಹಗ್ಗವಿಳಿದು, ಕಂಡುಕೊಂಡಿತದರ ನೆಲೆಯನು;
ಮೂತಿ ತಗಲಿ ಗಡಿಗೆ ತೂಗಿ ತೊಟ್ಟಿಲಂತೆ ಆಡಿತು,
ಗಡಿಗೆಯೊಳಗೆ ತಲೆಯನಿಟ್ಟು ಮುನ್ನಿ ಲಾಲಿ ಹಾಡಿತು.
ಆಯಿ ಬಂದು ನೋಡಿದಾಗ ಗಡಿಗೆ ಬರಿದೆ ತೂಗುತಿತ್ತು,
ತೊಲೆಯ ಮೇಲೆ ಮೊಸರ ಮೀಸೆ ನಾಲಗೆಯನು ಕೂಗುತಿತ್ತು.

ಮರುದಿನವೇ ರೊಟ್ಟಿಬುಟ್ಟಿ ತಟ್ಟೆಯಿಂದ ಮುಚ್ಚಿದೆ,
ಬೀಸುಕಲ್ಲ ಮೇಲೆ ಹೇರಿ ನನ್ನ ನಾನೆ ಮೆಚ್ಚಿದೆ;
ಕಲ್ಲಿನೊಡನೆ ಕಾದಲಿಲ್ಲ, ಬುಟ್ಟಿಯನ್ನು ಬಿಟ್ಟಿತು,
ಪಕ್ಕದಲ್ಲೆ ಇದ್ದ ಬೆಣ್ಣೆ ಬಟ್ಟಲನ್ನೆ ಮುಟ್ಟಿತು.
ಖಡಕ ರೊಟ್ಟಿ ಕಡಿದರದರ ಸದ್ದು ಹೇಳಿಬಿಡುವುದು,
ಬೆಣ್ಣೆ ಮಾತ್ರ ಮಾತನಾಡದಂತೆ ಗಂಟಲಿಳಿವುದು!
ಇಂಥ ಲೆಕ್ಕ ಬೆಕ್ಕಿಗೆಲ್ಲಿ ಯಾರು ಹೇಳಿಕೊಟ್ಟರೋ,
ಯಾವ ಶಾಲೆ ಗುರುಗಳಿದಕೆ ಪಾಟಿ ಬಳಪ ಇಟ್ಟರೋ!

ಬೇಸಿಗೆಯಲಿ ಸೆಕೆಯ ತಾಳದೆಲ್ಲ ಏರಿ ಮಾಳಿಗೆ
ಮಲಗುವಾಗ, ಹಾಲ ಕಾಯ್ವ ಕಪಾಟಿಗಿದೆ ಜಾಳಿಗೆ;
ಚಿಲಕವನ್ನು ಎರಡು ಬಾರಿ ಎಳೆದು ನೋಡಿ ಬಂದೆನು,
ಚುಕ್ಕಿ ಎಣಿಸಿ ನಿದ್ದೆಗಿಳಿವ ಹೊತ್ತಿನಲ್ಲಿ ಅಂದೆನು:
"ಇಂದು ಮುನ್ನಿ ಸೋತುಹೋಯ್ತು!" ಕೆಳಗೆ ಢಣ್ಣನೆಂದಿತು,
ತಾಟು, ಲೋಟ, ತಂಬಿಗೆಗಳ ದಂಡು ಉರುಳಿ ಬಂದಿತು;
ಬ್ಯಾಟರಿಯನು ಹಿಡಿದು ಇಳಿದು ನೋಡಿದಾಗ, ಚಿಲಕವು
ತೆರೆದೆ ಇತ್ತು, ಮುನ್ನಿ ಹಣೆಗೆ ಇತ್ತು ಕೆನೆಯ ತಿಲಕವು.

ಬಹಮನಿಗಳ ಕೋಟೆಯೊಳಗೆ ಉದ್ದವಾದ ತೋಪಿದೆ,
ಜೋಡುಗೋಡೆ, ಅಗಳಿನಿಂದ ಸುತ್ತ ಬಿಗಿಯ ಕಾಪಿದೆ;
ಅಂಥ ಕಡೆಗೆ ಮೊಸರನಿಟ್ಟು ಕದವ ಹಾಕಿಬಂದರೂ
ಮುನ್ನಿ ಒಳಗೆ ನೆಕ್ಕುತಿಹುದು, ಯಾರು ಅಡ್ಡ ನಿಂದರೂ.

ದೂರಲೆಂದು ಬರೆದುದಲ್ಲ, ಪ್ರೀತಿಯಿಂದ ಬರೆದುದು;
ಚಳಿಯ ರಾತ್ರಿ ನನ್ನ ಕೌದಿ ಅದಕೆ ಸದಾ ತೆರೆದುದು;
ಕದ್ದ ಬೆಣ್ಣೆ ಕಂಪಿನೊಡನೆ ಬಂದು ತೋಳಿಗೊರಗಿತು,
ಗುರುಗುಟ್ಟುತ ಕಣ್ಣ ಮುಚ್ಚೆ ನನ್ನ ಸಿಟ್ಟು ಕರಗಿತು.

ಎಳ್ಳಮಾಸಿ ಬಂದ ದಿವಸ, ಹೊಲಕೆ ಚರಗ ಒಯ್ಯಲು
ನಸುಕಿನಲ್ಲೆ ಮನೆಯ ಮಂದಿ ಎದ್ದು ಕೆಲಸಗೈಯಲು,
ಸಜ್ಜೆ ರೊಟ್ಟಿ, ಎಳ್ಳು ಹಚ್ಚಿ, ತಟ್ಟಿ ತಟ್ಟಿ ಸುಟ್ಟೆವು,
ಹಸಿಯ ಕಡಲೆ ಅವರೆ ಕೂಡಿ ಭಜ್ಜಿ ಬೇಯಲಿಟ್ಟೆವು;
ಕಡುಬನೆಲ್ಲ ಎಣಿಸಿ ಎಣಿಸಿ ನೂರು ಎಂದು ಬುಟ್ಟಿಗೆ
ತುಂಬಿ, ಪಕ್ಕ ಅಂಬಲಿಯನು ಕೊಡದೊಳಿಟ್ಟೆವೊಟ್ಟಿಗೆ.
ಹೊಲದ ನಡುವೆ ಬನ್ನಿ ಮರದ ಕೆಳಗೆ ಪೂಜೆ ಮುಗಿಯಿತು,
ಬುಟ್ಟಿಯಿಂದ ಬೂದಿ ಬಣ್ಣದೊಂದು ಚೆಂಡು ನೆಗೆಯಿತು!
ಕಡುಬಿಗೆಲ್ಲ ಸವರಿದಂಥ ತುಪ್ಪವೆಲ್ಲ ನೆಕ್ಕಿದೆ,
ಹೊಟ್ಟೆ ಹೊತ್ತು ನಡೆಯಲಾರದಾಗಿ ಕೈಗೆ ಸಿಕ್ಕಿದೆ.
ಚರಗ ಚೆಲ್ಲುತಿದ್ದ ಮುತ್ಯ ನಕ್ಕು ಕಣ್ಣನೊರೆಸಿದರು,
ಮುನ್ನಿಗೆಂದೆ ಒಂದು ಕಡುಬ ತಮ್ಮ ಎಲೆಯೊಳಿರಿಸಿದರು.

ಆಯಿ ಮಾತ್ರ ನಗಲೆ ಇಲ್ಲ, ಅಂದು ರಾತ್ರಿ ಬಯ್ದರು:
"ಮನೆಯ ಅನ್ನ ಕದ್ದ ನಿನಗೆ ಹಾಲು ಯಾರು ಹೊಯ್ದರು?
ತಿನ್ನಲಷ್ಟೆ ಬರುವ ನಿನಗೆ ಕೊಡಲು ಬರುವುದಿಲ್ಲವೆ?
ನಿನ್ನ ಪಾಲು ತಂದು ಹಾಕು, ನಾಲ್ಕು ಕಾಲು ಇಲ್ಲವೆ?"

ಮಾತು ತಿಳಿಯಿತೇನೊ ಕಾಣೆ, ಮುನ್ನಿ ಎದ್ದು ಹೋಯಿತು,
ಕತ್ತಲಲ್ಲಿ ಓಣಿ ದಾಟಿ ಎತ್ತಲೋ ಮರೆಯಾಯಿತು;
ಬೆಳಗಿನಲ್ಲಿ ವಿಭೂತಿಯನು ಧರಿಸಿ ಆಯಿ ಬಂದರೆ,
ಒಲೆಯ ಮುಂದೆ ಇದ್ದುದೇನು, ಕೇಳಬೇಕು ತೊಂದರೆ!
ಯಾರ ಮನೆಯ ಬಾಣಲೆಯದೊ ಭೀಮೆ ಮೀನ ತುಂಡದು,
ಆಯಿ ಕೂರ್ವ ಮಣೆಯ ಮೇಲೆ ಬೆಕ್ಕು ತೆತ್ತ ದಂಡದು!
ಹುಟ್ಟಿನಿಂದ ಮೀನು ಮುಟ್ಟದಂಥ ಆಯಿ ಬೆದರುತ,
"ಶಿವನೆ, ಶರಣಬಸವ!" ಎಂದು ಗೋಡೆ ಹಿಡಿದು ಅದಿರುತ,
ಮಣೆಯ ತೊಳೆದು, ನೆಲವ ತೊಳೆದು, ಒಲೆಯ ಮತ್ತೆ ಬಳಿದರು,
ಕೊನೆಗೆ ಸೆರಗ ಬಾಯಿಗಿಟ್ಟು ನಗೆಯ ಹೊಳೆಗೆ ಇಳಿದರು.

"ಸಾಲ ತೀರಿತವ್ವ ತಾಯಿ, ಇಂಥದೊಂದು ತರದಿರು,
ದಿನವು ಒಂದು ಬಟ್ಟಲಲ್ಲಿ ಹಾಲನಿಡುವೆ, ಮರೆಯದಿರು!"
ಅಂದಿನಿಂದ ಹೊಸ್ತಿಲಲ್ಲಿ ಹಿತ್ತಾಳೆಯ ಬಟ್ಟಲು
ಹೊತ್ತು ಮೂಡುವಾಗ ತುಂಬಿ ಕಾಯುತಿಹುದು ಮುಟ್ಟಲು;
ಮುನ್ನಿ ಬಂದು ಹಾಲ ಕುಡಿದು, ಮೀಸೆಯೊರೆಸಿ, ಮೈಯನು
ಮುರಿದು, ಆಯಿ ಸೆರಗ ಮೇಲೆ ಒಮ್ಮೆ ಇಟ್ಟು ಕೈಯನು,
ಆಯಿ ನೋಡನೋಡುತಿರಲು ಜೋಳದೊಂದು ಚೀಲಕೆ
ನೆಗೆದು, ಗೂಡು ದಾಟಿ, ಮೆಲ್ಲನೇರುತಿಹುದು ಮೇಲಕೆ.