ಆಯುಧ ಪೂಜೆಯ ಶುಭಾಶಯ, ಜೊತೆಗೆ ನಮ್ಮ ಅಂಗಡಿಯ ಹಬ್ಬದ ದರ

ಬಳ್ಳಾರಿ
ಶನಿವಾರ, 20 ಸೆಪ್ಟೆಂಬರ್ 2025

ವರ್ಕ್‌ಶಾಪ್ ಮಾಲೀಕರಿಗೆ, ಮೇಸ್ತ್ರಿಗಳಿಗೆ, ಗ್ಯಾರೇಜ್ ನಡೆಸುವ ಅಣ್ಣತಮ್ಮಂದಿರಿಗೆ ನಮಸ್ಕಾರ.

ನಾಡಿದ್ದು ಸೋಮವಾರ ಘಟಸ್ಥಾಪನೆ. ಅಕ್ಟೋಬರ್ 1, ಬುಧವಾರ ಆಯುಧ ಪೂಜೆ. ಮರುದಿನ ಗುರುವಾರ ವಿಜಯದಶಮಿ. ನಿಮಗೂ, ಮನೆಯವರಿಗೂ, ನಿಮ್ಮ ಕೈಕೆಳಗೆ ದುಡಿಯುವ ಹುಡುಗರಿಗೂ ನಮ್ಮ ಅಂಗಡಿಯ ಎಲ್ಲರ ಪರವಾಗಿ ಹಬ್ಬದ ಶುಭಾಶಯಗಳು. ಕನಕದುರ್ಗಮ್ಮ ತಾಯಿ ಎಲ್ಲರ ಕೈಕಾಲು, ಕಣ್ಣು ಗಟ್ಟಿಯಾಗಿ ಇಟ್ಟಿರಲಿ. ನಮ್ಮ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಆಸ್ತಿ ಇಲ್ಲ.

ಹೋದ ವರ್ಷ ಹಬ್ಬಕ್ಕೆ ಸ್ಟೀಲ್ ಡಬ್ಬಿ ಕೊಟ್ಟಿದ್ದೆವು, ನೆನಪಿದೆಯಾ? ಸಿರುಗುಪ್ಪ ಕಡೆಯ ಒಬ್ಬ ಮೇಸ್ತ್ರಿ ಡಬ್ಬಿ ತಿರುಗಿಸಿ ನೋಡಿ, "ಇದು ಮನ್ಯಾಗ ಹತ್ತು ಅದಾವ್ರೀ, ನನ್ನ ಗ್ರೈಂಡರಿಗೆ ಕಾರ್ಬನ್ ಬ್ರಶ್ ಹಾಕಿ ಕೊಡ್ರಿ ಸಾಕು" ಅಂದರು. ಎಲ್ಲರೂ ನಕ್ಕೆವು. ಆದರೆ ಮಾತು ತಲೆಯಲ್ಲಿ ಉಳಿಯಿತು. ಹಾಗಾಗಿ ಈ ವರ್ಷ ಡಬ್ಬಿ ಇಲ್ಲ. ಅದರ ದುಡ್ಡನ್ನು ಸರ್ವಿಸಿಗೆ ಹಾಕಿದ್ದೇವೆ.

ಸೋಮವಾರ 22ರಿಂದ 29ರವರೆಗೆ ನಿಮ್ಮ ಹಳೆಯ ಗ್ರೈಂಡರ್, ಡ್ರಿಲ್, ಬ್ಲೋವರ್ ತಂದುಕೊಡಿ. ಎಲ್ಲಿ ಕೊಂಡಿದ್ದೀರಿ ಅಂತ ಕೇಳುವುದಿಲ್ಲ. ಬಿಚ್ಚಿ, ಧೂಳು ಊದಿ, ಗ್ರೀಸ್ ಬದಲಿಸಿ, ಕಾರ್ಬನ್ ಬ್ರಶ್ ಹೊಸದು ಹಾಕಿ ಕೊಡುತ್ತೇವೆ. ಒಂದು ವರ್ಕ್‌ಶಾಪಿಗೆ ಮೂರು ಮಷಿನ್‌ವರೆಗೆ ಪೂರ್ತಿ ಉಚಿತ. ಆರ್ಮೇಚರ್ ಸುಟ್ಟಿದ್ದರೆ, ಗೇರ್ ಹೋಗಿದ್ದರೆ ಮೊದಲು ಫೋನ್ ಮಾಡಿ ಖರ್ಚು ಹೇಳುತ್ತೇವೆ. ನೀವು ಹೂಂ ಅಂದ ಮೇಲೇ ಕೈ ಹಚ್ಚುತ್ತೇವೆ. 30ರ ಸಂಜೆಯೊಳಗೆ ಎಲ್ಲವೂ ವಾಪಸ್. ಪೂಜೆಗೆ ಮಷಿನ್ ಇಲ್ಲದೆ ಯಾರೂ ಕೂರಬಾರದಲ್ವಾ?

ನಮ್ಮ ಊರಿನ ಧೂಳು ನಿಮಗೆ ಹೇಳಬೇಕಾಗಿಲ್ಲ. ಸಂಡೂರು ರಸ್ತೆ ಕಡೆಯಿಂದ ಬರುವ ಗ್ರೈಂಡರ್ ಬಿಚ್ಚಿದರೆ ಒಳಗೆ ಕೆಂಪು ಅದಿರಿನ ಪುಡಿ ಚಮಚದಲ್ಲಿ ತೆಗೆಯುವಷ್ಟು ಇರುತ್ತದೆ. ಅದು ಬೇರಿಂಗನ್ನೂ ತಿನ್ನುತ್ತದೆ, ಮೋಟರಿನ ಗಾಳಿದಾರಿಯನ್ನೂ ಮುಚ್ಚುತ್ತದೆ. ಮೇಲಿಂದ ಬಳ್ಳಾರಿ ಬಿಸಿಲು. ಮಷಿನ್ ಸುಟ್ಟಿತು ಅಂತ ಕಂಪನಿಗೆ ಬೈಯುತ್ತೇವೆ. ಬಹಳ ಸಲ ತಪ್ಪು ಕಂಪನಿಯದ್ದಲ್ಲ, ವರ್ಷಪೂರ್ತಿ ಒಂದು ಸಲವೂ ಊದದೆ ಇಟ್ಟ ನಮ್ಮದು.

ಈಗ ದರದ ಮಾತು. ಮೊದಲೇ ಒಂದು ವಿಷಯ ನೇರವಾಗಿ ಹೇಳಿಬಿಡುತ್ತೇನೆ. 22ರಿಂದ ಜಿಎಸ್‌ಟಿ ಇಳಿಯುತ್ತದೆ ಅಂತ ಬಹಳ ಮಂದಿ ಖರೀದಿ ನಿಲ್ಲಿಸಿ ಕಾಯುತ್ತಿದ್ದೀರಿ. ವಾಹನದ ಬಿಡಿಭಾಗ, ಬ್ಯಾಟರಿ 28ರಿಂದ 18ಕ್ಕೆ ಇಳಿಯುತ್ತಿರುವುದು ನಿಜ. ಟ್ರ್ಯಾಕ್ಟರ್ 12ರಿಂದ 5ಕ್ಕೆ ಬರುತ್ತಿದೆ. ಆದರೆ ಗ್ರೈಂಡರ್, ಡ್ರಿಲ್, ವೆಲ್ಡಿಂಗ್ ಮಷಿನ್, ಏರ್ ಕಂಪ್ರೆಸರ್ ಮೊದಲೂ 18, ಈಗಲೂ 18. "ಜಿಎಸ್‌ಟಿ ಇಳಿದಿದೆ, ಅದಕ್ಕೇ ಈ ದರ" ಅಂತ ಯಾರಾದರೂ ವೆಲ್ಡಿಂಗ್ ಮಷಿನ್ ಮಾರಿದರೆ ಹಳೆಯ ಬಿಲ್ ಕೇಳಿ ನೋಡಿ. ನಾವು ಕೆಳಗೆ ಕೊಟ್ಟ ರಿಯಾಯಿತಿ ನಮ್ಮ ಲಾಭದಿಂದ ಕಳೆದದ್ದು. ದರಗಳೆಲ್ಲ ಟ್ಯಾಕ್ಸ್ ಸೇರಿಯೇ ಇವೆ. ಜಿಎಸ್‌ಟಿ ನಂಬರ್ ಇದ್ದವರು ಬಿಲ್ಲಿನಲ್ಲಿ ತಪ್ಪದೆ ಬರೆಸಿ, ಕಟ್ಟಿದ ಟ್ಯಾಕ್ಸ್ ಕ್ರೆಡಿಟ್ ಸಿಗುತ್ತದೆ. ಕಾಂಪೊಸಿಷನ್‌ನಲ್ಲಿ ಇರುವವರಿಗೆ ಆ ಅನುಕೂಲ ಇಲ್ಲ.

4 ಇಂಚಿನ ಆಂಗಲ್ ಗ್ರೈಂಡರ್, 850 ವ್ಯಾಟ್: ₹2,650 ಇದ್ದದ್ದು ₹2,290. ಹಳೆಯದು ಕೊಟ್ಟರೆ ಇನ್ನೂ ₹300 ಕಡಿಮೆ. ಕೆಟ್ಟು ಹೋಗಿದ್ದರೂ ಪರವಾಗಿಲ್ಲ.
14 ಇಂಚಿನ ಚಾಪ್ ಸಾ: ₹7,900 ಇದ್ದದ್ದು ₹6,950, ಜೊತೆಗೆ ಎರಡು ವ್ಹೀಲ್.
200 ಆಂಪ್ಸ್ ಇನ್ವರ್ಟರ್ ವೆಲ್ಡಿಂಗ್ ಮಷಿನ್: ₹8,900 ಇದ್ದದ್ದು ₹7,750. ಹೋಲ್ಡರ್, ಅರ್ಥ್ ಕ್ಲ್ಯಾಂಪ್, ಕೇಬಲ್ ಸೇರಿ.
2 ಎಚ್‌ಪಿ ಬೆಲ್ಟ್ ಕಂಪ್ರೆಸರ್: ₹31,500 ಇದ್ದದ್ದು ₹28,400. ಬೆಲ್ಟ್ ಗಾರ್ಡ್ ಇಲ್ಲದೆ ಕೊಡುವುದಿಲ್ಲ, ಕೇಳಲೂ ಬೇಡಿ.
2 ಟನ್ ಚೈನ್ ಪುಲ್ಲಿ ಬ್ಲಾಕ್, 3 ಮೀಟರ್: ₹7,400 ಇದ್ದದ್ದು ₹6,600.

ಸ್ಪ್ಯಾನರ್ ಸೆಟ್, ಸಾಕೆಟ್ ಸೆಟ್, ವೈಸ್, ಡ್ರಿಲ್ ಬಿಟ್‌ಗಳ ಮೇಲೆ ಶೇ 12 ಕಡಿಮೆ. 4 ಇಂಚಿನ ಕಟಿಂಗ್ ವ್ಹೀಲ್ 50ರ ಬಾಕ್ಸ್ ತಗೊಂಡರೆ ಒಂದು ಸೇಫ್ಟಿ ಗಾಗಲ್ ಉಚಿತ. ಆ ಗಾಗಲ್ ಗೋಡೆಗೆ ನೇತು ಹಾಕಲು ಅಲ್ಲ, ದಯವಿಟ್ಟು ಹುಡುಗನ ಕಣ್ಣಿಗೆ ಹಾಕಿಸಿ. ಜೀನ್ಸ್ ಘಟಕದವರಿಗೆ ಕಟಿಂಗ್ ಮಷಿನ್ ಬ್ಲೇಡ್, ಹೊಲಿಗೆ ಮೋಟರ್ ಈ ಸಲ ಸ್ವಲ್ಪವೇ ಬಂದಿವೆ, ಫೋನ್ ಮಾಡಿ ಕೇಳಿ ಬನ್ನಿ.

ಹೋದ ಸಲ ಒಂದು ತಪ್ಪು ಮಾಡಿದ್ದೆವು. ಗೋದಾಮಿನಲ್ಲಿ ಇಲ್ಲದ ಕಂಪ್ರೆಸರಿಗೂ ಬುಕಿಂಗ್ ತಗೊಂಡೆವು. ಲಾರಿ ಬಂದದ್ದು ಹಬ್ಬ ಮುಗಿದು ನಾಲ್ಕು ದಿನಕ್ಕೆ. ಆರು ಜನ ಖಾಲಿ ಜಾಗಕ್ಕೆ ರಂಗೋಲಿ ಹಾಕಿ ಕಾದರು. ಅವರಲ್ಲಿ ಇಬ್ಬರು ಇನ್ನೂ ನೆನಪಿಸುತ್ತಲೇ ಇದ್ದಾರೆ, ನೆನಪಿಸಬೇಕಾದ್ದೇ. ಈ ವರ್ಷ ಕಣ್ಣೆದುರು ಇರುವ ಮಾಲಿಗೆ ಮಾತ್ರ ದರ ಹೇಳಿದ್ದೇವೆ. ಕಂಪ್ರೆಸರ್ 9 ಇವೆ, ಚಾಪ್ ಸಾ 14. ಖಾಲಿಯಾದರೆ ಖಾಲಿ.

ಇನ್ನು ಪೂಜೆಯ ಬಗ್ಗೆ. ಇದು ನಿಮಗೆ ಗೊತ್ತಿರುವುದೇ, ಆದರೂ ಹೇಳುತ್ತೇನೆ. ವರ್ಷದಲ್ಲಿ ಪ್ರತಿ ಸಾಮಾನನ್ನೂ ಕೈಯಲ್ಲಿ ಹಿಡಿದು, ಒರೆಸಿ, ತಿರುಗಿಸಿ ನೋಡುವುದು ಇದೊಂದೇ ದಿನ. ಒರೆಸುವಾಗಲೇ ಸ್ವಲ್ಪ ಕಣ್ಣು ಹಾಯಿಸಿ.

ಎಲ್ಲಕ್ಕಿಂತ ಮೊದಲು ಗ್ಯಾಸ್ ಕಟಿಂಗ್ ಸೆಟ್. ಹಬ್ಬದ ದಿನ ಎಲ್ಲದಕ್ಕೂ ಎಣ್ಣೆ ಹಚ್ಚಿ ಫಳಫಳ ಮಾಡುವ ಅಭ್ಯಾಸ ನಮಗಿದೆ. ಆಕ್ಸಿಜನ್ ಸಿಲಿಂಡರಿನ ವಾಲ್ವಿಗೆ, ರೆಗ್ಯುಲೇಟರಿಗೆ ಎಣ್ಣೆ, ಗ್ರೀಸ್ ಮುಟ್ಟಿಸಲೇಬೇಡಿ. ಒತ್ತಡದ ಆಕ್ಸಿಜನ್ ಎಣ್ಣೆಗೆ ತಾಗಿದರೆ ಕಿಡಿ ಇಲ್ಲದೆಯೂ ಹೊತ್ತಿಕೊಳ್ಳುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಒಂದು ಹೂವು ಇಡಿ, ಸಾಕು. ದೀಪ, ಊದಿನಕಡ್ಡಿ, ಕರ್ಪೂರ ಸಿಲಿಂಡರಿನಿಂದ ದೂರ ಇರಲಿ. ಪೈಪ್ ಸೀಳಿದ್ದರೆ ಟೇಪ್ ಸುತ್ತಬೇಡಿ, ಬದಲಿಸಿ. ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ ಇಲ್ಲದವರಿಗೆ ಈ ಹಬ್ಬಕ್ಕೆ ಜೋಡಿಯನ್ನು ನಮಗೆ ಬಿದ್ದ ದರಕ್ಕೇ ಕೊಡುತ್ತೇವೆ, ₹1,150. ಇದರಲ್ಲಿ ನಮಗೆ ಒಂದು ರೂಪಾಯಿಯೂ ಬೇಡ.

ಕುಂಕುಮ, ವಿಭೂತಿ ಮಷಿನಿನ ಮೈಗೆ ಹಚ್ಚಿ. ಮೋಟರಿನ ಗಾಳಿಕಿಂಡಿಗೆ, ಸ್ವಿಚ್ಚಿಗೆ ಬೇಡ. ನೀರು ಚಿಮುಕಿಸುವ ಮೊದಲು ಮೇನ್ ಆಫ್ ಮಾಡಿ. ಲೇತ್ ಬೆಡ್ ಮೇಲೆ ಒದ್ದೆ ಕುಂಕುಮ ಎರಡು ದಿನ ಹಾಗೇ ಬಿಟ್ಟರೆ ತುಕ್ಕಿನ ಕಲೆ ಕೂತುಬಿಡುತ್ತದೆ. ಬೆಡ್ಡಿಗೆ ಒಂದು ಕಾಗದ ಹಾಸಿ ಅದರ ಮೇಲೆ ಪೂಜೆ ಮಾಡಿ, ಆಮೇಲೆ ಎಣ್ಣೆ ಒರೆಸಿ.

ಗ್ರೈಂಡಿಂಗ್ ವ್ಹೀಲಿನ ಮಧ್ಯದ ಲೋಹದ ರಿಂಗ್ ನೋಡಿ, ಅಲ್ಲಿ ತಾರೀಖು ಇರುತ್ತದೆ. ದಾಟಿದ್ದರೆ ಎಸೆಯಿರಿ, ಉಳಿಸಬೇಡಿ. ಕೆಲವರು ಗಾರ್ಡ್ ಬಿಚ್ಚಿ 4 ಇಂಚಿನ ಗ್ರೈಂಡರಿಗೆ 5 ಇಂಚಿನ ವ್ಹೀಲ್ ಹಾಕುತ್ತಾರೆ. 4 ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ವ್ಹೀಲ್ ದೊಡ್ಡದಾದಷ್ಟೂ ಅಂಚಿನ ವೇಗ ಜಾಸ್ತಿ. ಒಡೆದರೆ ಚೂರು ಎಲ್ಲಿಗೆ ಹಾರುತ್ತದೆ ಅಂತ ಹೇಳೋಕಾಗಲ್ಲ. ಅಂಥ ಜೋಡಿಗೆ ವ್ಹೀಲ್ ಕೇಳಿದರೆ ನಾವು ಕೊಡುವುದಿಲ್ಲ, ಬೇಜಾರು ಮಾಡ್ಕೋಬೇಡಿ.

ಕಂಪ್ರೆಸರ್ ಟ್ಯಾಂಕಿನ ಕೆಳಗಿನ ವಾಲ್ವ್ ತೆಗೆದು ನೀರು ಬಿಡಿ. ಎಷ್ಟು ಬರುತ್ತದೆ ನೋಡಿ, ನಿಮಗೇ ಗಾಬರಿಯಾಗುತ್ತದೆ.

ಹೋದ ವರ್ಷ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿ ಹೋದದ್ದನ್ನು ಯಾರು ಮರೆತಾರು? ಒಂದು ವಾರದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ನಿಲ್ಲಿಸಿದರು. ಬೆಸುಗೆಯವರು, ಫಿಟ್ಟರುಗಳು, ಕ್ರೇನಿನವರು ಹಗಲು ರಾತ್ರಿ ನಿಂತ ಕೆಲಸ ಅದು. ಆ ಹೆಮ್ಮೆ ನಮ್ಮ ಕಸುಬಿನವರೆಲ್ಲರದ್ದು. ಆದರೆ ಮೊದಲು ತುಂಡಾದದ್ದು ಒಂದು ಚೈನ್ ಅನ್ನುವುದೂ ನೆನಪಿರಲಿ. ನಿಮ್ಮ ಚೈನ್ ಪುಲ್ಲಿ ಬ್ಲಾಕ್ ತಂದುಕೊಡಿ. ಕೊಂಡಿಗಳನ್ನು ಕ್ಯಾಲಿಪರ್ ಹಿಡಿದು ಅಳೆದು ಹೇಳುತ್ತೇವೆ. ಹತ್ತನೇ ಒಂದು ಭಾಗ ಸವೆದಿದ್ದರೆ ಅದನ್ನು ಎಂಜಿನ್ ಎತ್ತಲು ಬಳಸಬಾರದು. ಹುಕ್ ಬಾಯಿ ಅಗಲವಾಗಿದ್ದರೂ ಅಷ್ಟೇ. ಅಳೆಯಲು ದುಡ್ಡಿಲ್ಲ.

ಬೂದುಗುಂಬಳ ಒಡೆದ ಮೇಲೆ ರಸ್ತೆಯಿಂದ ಚೂರು ಬಳಿದು ಹಾಕಿಸಿ. ಪ್ರತಿ ಹಬ್ಬಕ್ಕೂ ಯಾರೋ ಒಬ್ಬರು ಬೈಕಿನಿಂದ ಜಾರಿ ಬೀಳುತ್ತಾರೆ.

ಉದ್ರಿಯ ವಿಷಯ ಕೇಳುತ್ತೀರಿ ಅಂತ ಗೊತ್ತು. ಹಳೆಯ ಬಾಕಿ ತೀರಿಸಿದವರಿಗೆ ಹೊಸ ಖರೀದಿಯ ಅರ್ಧ ಈಗ, ಉಳಿದರ್ಧ ದೀಪಾವಳಿ ಮುಗಿದು ಹದಿನೈದು ದಿನಕ್ಕೆ. ಬಡ್ಡಿ ಇಲ್ಲ. ಹಳೆಯ ಬಾಕಿ ಇರುವವರೂ ಬನ್ನಿ, ಎಷ್ಟು ಸಾಧ್ಯವೋ ಅಷ್ಟು ಕೊಡಿ, ಕೂತು ಮಾತಾಡೋಣ. ಭತ್ತ ಮಾರಾಟವಾಗುವವರೆಗೆ ಹಳ್ಳಿ ಕಡೆಯ ಟ್ರ್ಯಾಕ್ಟರ್ ಕೆಲಸಕ್ಕೆ ನಿಮಗೂ ದುಡ್ಡು ಬರುವುದಿಲ್ಲ, ಅದು ನಮಗೆ ಅರ್ಥವಾಗುತ್ತದೆ.

ಬುಧವಾರ 1ರಂದು ಅಂಗಡಿ ತೆರೆದೇ ಇರುತ್ತದೆ, ಆದರೆ ವ್ಯಾಪಾರ ಇಲ್ಲ. ತಕ್ಕಡಿ, ಬಿಲ್ ಪುಸ್ತಕ, ಕಂಪ್ಯೂಟರ್, ಡೆಲಿವರಿ ಆಟೋ ಎಲ್ಲವೂ ಪೂಜೆಗೆ ಕೂತಿರುತ್ತವೆ. ಬೆಳಿಗ್ಗೆ 11ಕ್ಕೆ ಪೂಜೆ. ಆಮೇಲೆ ಒಗ್ಗಾಣಿ, ಮಿರ್ಚಿ, ಚಹಾ. ಕೌಲ್ ಬಜಾರಿನ ಗ್ಯಾರೇಜ್ ಭಾಯಿಗಳು ಪ್ರತಿ ವರ್ಷದ ಹಾಗೆ ಹುಡುಗರ ಸಮೇತ ಬರಬೇಕು, ಮಿರ್ಚಿ ತಣ್ಣಗಾಗುವ ಮೊದಲೇ ಬರಬೇಕು.

ವಿಜಯದಶಮಿಯ ದಿನ ಹೊಸ ಮಷಿನ್ ವರ್ಕ್‌ಶಾಪಿಗೆ ಬರಲಿ ಅನ್ನುವವರು ಸೋಮವಾರ 29ರೊಳಗೆ ಬುಕ್ ಮಾಡಿ. ಗುರುವಾರ ಬೆಳಿಗ್ಗೆ 6ರಿಂದ 10ರೊಳಗೆ ತಂದು ಇಳಿಸಿ, ಕನೆಕ್ಷನ್ ಕೊಟ್ಟು, ಓಡಿಸಿ ತೋರಿಸುತ್ತೇವೆ. ಬಳ್ಳಾರಿ ಊರೊಳಗೆ ಸಾಗಣೆ, ಹಮಾಲಿ ಎರಡೂ ನಮ್ಮದು. ಕುರುಗೋಡು, ಸಿರುಗುಪ್ಪ, ಕಂಪ್ಲಿ, ಸಂಡೂರಿಗೆ ₹20,000 ಮೇಲಿನ ಬಿಲ್ಲಿಗೆ ಸಾಗಣೆ ಉಚಿತ. ಆದರೆ ಆ ಊರುಗಳಿಗೆ ಆಟೋ 30ರಂದೇ ಹೊರಡುತ್ತದೆ, ಮಷಿನ್ ಬಿಚ್ಚದೆ ಇಟ್ಟುಕೊಂಡು ಗುರುವಾರ ತೆರೆಯಿರಿ.

ಈ ದರಗಳು ಶನಿವಾರ ಅಕ್ಟೋಬರ್ 4ರ ರಾತ್ರಿ 8ರವರೆಗೆ. ಬುಕಿಂಗಿಗೆ ಈ ಸಂದೇಶ ಬಂದ ನಂಬರಿಗೇ ಫೋನ್ ಮಾಡಿ, ಇಲ್ಲವೇ ಮಷಿನ್ ಹೆಸರು ಬರೆದು ಕಳಿಸಿ. ಹಳೆಯ ಮಷಿನ್ ಸರ್ವಿಸಿಗೆ ತರುವಾಗ ಅದರ ಮೇಲೆ ನಿಮ್ಮ ವರ್ಕ್‌ಶಾಪ್ ಹೆಸರನ್ನು ಮಾರ್ಕರಿನಲ್ಲಿ ಬರೆದು ತನ್ನಿ. ಎಲ್ಲ ಗ್ರೈಂಡರೂ ಒಂದೇ ಥರ ಕಾಣುತ್ತವೆ.

ಗುರುವಾರ ಸಂಜೆ ಬನ್ನಿ ಕೊಡಲು ನಾವೇ ನಿಮ್ಮ ಬಾಗಿಲಿಗೆ ಬರುತ್ತೇವೆ. ಬನ್ನಿ ತಗೊಂಡು ಬಂಗಾರದಂಗ ಇರೋಣ.

ಇತಿ,
ಹೊಸಪೇಟೆ ರಸ್ತೆಯ ನಿಮ್ಮ ಟೂಲ್ಸ್ ಮತ್ತು ಮಷಿನರಿ ಅಂಗಡಿಯವರು