ಮಗಾ, ನಿನ್ನೆ ಹಾಕಿದ ಮೆಸೇಜ್ ಬಿಟ್ಹಾಕು, ಇದನ್ನ ಓದು

ನಿಂಗೆ ಡಿಸೈನ್ ಇಂಜಿನಿಯರ್ ಕೆಲ್ಸ ಸಿಕ್ತು ಅಂದಿದ್ದಕ್ಕೆ ನಿನ್ನೆ ರಾತ್ರಿ "ಕಂಗ್ರಾಟ್ಸ್, ಲಕ್ಕಿ ಕಣೋ ನೀನು, ಇನ್ನೇನಪ್ಪ ದೊಡ್ಡ ಮನುಷ್ಯ ಆದೆ, ನಮ್ಮನ್ನ ಮರೀಬೇಡ" ಅಂತ ಹಾಕಿದ್ನಲ್ಲ, ಬೆಳಿಗ್ಗೆ ಓದಿದ್ರೆ ನಂಗೇ ಚುಚ್ತು, ಡಿಲೀಟ್ ಮಾಡಿದೀನಿ.

ಲಕ್ಕು ಎಲ್ಲಿಂದ ಬರ್ಬೇಕೋ! ನೀನು ಪೀಣ್ಯದ ಸಿಎನ್‌ಸಿ ಶಾಪಲ್ಲಿ 3 ವರ್ಷ ನೈಟ್ ಶಿಫ್ಟ್ ಮಾಡಿ, ಬೆಳಿಗ್ಗೆ ರೂಮಿಗೆ ಬಂದು ಕೂಲೆಂಟ್ ವಾಸ್ನೆ ಹೋಗೋಕೆ ಮುಂಚೆನೇ ಲ್ಯಾಪ್‌ಟಾಪ್ ತೆಗೆದು ಕಾಟಿಯಾ ಕಲೀತಾ ಕೂತ್ಕೊತಿದ್ದೆ, ನಾನು ಪಕ್ಕದ ಹಾಸಿಗೇಲಿ ಮಲ್ಗಿ ನೋಡಿದೀನಿ. ಎರಡು ಕಡೆ ಇಂಟರ್‌ವ್ಯೂ ಲಾಸ್ಟ್ ರೌಂಡಲ್ಲಿ ಹೋಯ್ತು, ಆವತ್ತೂ ಶಿಫ್ಟ್ ಬಿಡ್ಲಿಲ್ಲ ನೀನು. ಡಿಸೈನ್ ಇಂಜಿನಿಯರ್ ಅನ್ನೋದು ನೀನು ದುಡಿದು ತಗೊಂಡಿದ್ದು. ಮಷೀನ್ ಮುಂದೆ ನಿಂತು ಪಾರ್ಟ್ ತೆಗೆದವ್ನು ಡ್ರಾಯಿಂಗ್ ಮಾಡಿದ್ರೆ ಟಾಲರೆನ್ಸ್ ಸುಮ್‌ಸುಮ್ನೆ ಟೈಟ್ ಕೊಡಲ್ಲ, ಆ ಟೀಮ್‌ಗೆ ಒಳ್ಳೆ ಮನುಷ್ಯ ಸಿಕ್ಕಿದಾನೆ.

ನಿಜ ಹೇಳ್ಬೇಕಂದ್ರೆ ನಂಗೂ ಆಫರ್ ಬರ್ಲಿಲ್ವಲ್ಲ ಅಂತ ಒಂದು ಬೇಜಾರಿದೆ, ಅದು ನಂದು, ನಿನ್ ಖುಷಿ ಮೇಲೆ ಅದನ್ನ ಹಾಕಬಾರ್ದಿತ್ತು, ಸಾರಿ ಕಣೋ. ಸಂಬಳ ಎಷ್ಟು ಅಂತನೂ ಕೇಳಲ್ಲ, ಪಾರ್ಟಿ ಕೊಡು ಅಂತನೂ ಪೀಡ್ಸಲ್ಲ.

ಅಮ್ಮಂಗೆ ಫೋನ್ ಮಾಡಿದ್ಯಾ? ಏನಂದ್ರು?

ಸೋಮವಾರ ವೈಟ್‌ಫೀಲ್ಡ್‌ಗೆ ಜಾಲಹಳ್ಳೀಲಿ ಹಸಿರು ಲೈನ್ ಹತ್ತಿ ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಚೇಂಜ್ ಮಾಡ್ಕೋ, ದೂರ ಇದೆ, ಬೇಗ ಹೊರಡು. ಮೊದಲ ದಿನ ಸ್ಟೇಷನ್ ತನಕ ಗಾಡೀಲಿ ನಾನೇ ಬಿಡ್ತೀನಿ. ತುಂಬಾ ಖುಷಿ ಆಯ್ತು ಕಣೋ ಮಗಾ, ನಿಜವಾಗ್ಲೂ.