ತಾತ ಅಜ್ಜಿಗೆ ಸಿರಿ ಬರೆದ ಸಂಕ್ರಾಂತಿ ಕಾಗದ

ಬೆಂಗಳೂರು
8 ಜನವರಿ 2025, ಬುಧವಾರ

ಪ್ರೀತಿಯ ತಾತನಿಗೆ ಮತ್ತು ಅಜ್ಜಿಗೆ,

ನಿಮ್ಮ ಸಿರಿ ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ನೀವು ಚೆನ್ನಾಗಿದ್ದೀರಾ? ಬಸವ, ಚೆನ್ನ, ಗೌರಿ ಹಸು ಎಲ್ಲ ಹೇಗಿದ್ದಾವೆ? ಗೌರಿಯ ಕರು ಈಗ ಹುಲ್ಲು ತಿನ್ನುತ್ತಾ, ಇನ್ನೂ ಹಾಲೇ ಕುಡಿಯುತ್ತಾ?

ನಿಮ್ಮಿಬ್ಬರಿಗೂ ಸಂಕ್ರಾಂತಿ ಹಬ್ಬದ ಶುಭಾಶಯಗಳು. ಹಬ್ಬ ಮಂಗಳವಾರ, 14ನೇ ತಾರೀಖು. ಅಷ್ಟರೊಳಗೆ ಈ ಕಾಗದ ಊರಿಗೆ ಬರಲಿ ಅಂತ ಇವತ್ತೇ ಬರೆಯುತ್ತಿದ್ದೇನೆ. ನಾಳೆ ಅಪ್ಪ ಅಂಚೆ ಕಚೇರಿಗೆ ಹೋಗಿ ಕಳಿಸುತ್ತಾರೆ.

ತಾತ, ಇದನ್ನು ನೀವು ಜೋರಾಗಿ ಓದಬೇಕು. ಜಗಲಿ ಮೇಲೆ ಕೂತು ಓದಿ. ಅಜ್ಜಿ ಪಕ್ಕದಲ್ಲೇ ಇರಲಿ. ಕನ್ನಡಕ ಹಾಕಿದರೂ ಅಜ್ಜಿಗೆ ಸಣ್ಣ ಅಕ್ಷರ ಕಾಣುವುದಿಲ್ಲ ಅಲ್ವಾ? ಅದಕ್ಕೆ ನಾನು ದಪ್ಪ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಹಾಳೆ ಜಾಸ್ತಿ ಆಯಿತು.

ಕಾಗದದ ಜೊತೆ ಒಂದು ಸ್ಟೀಲ್ ಡಬ್ಬಿ ಇದೆ. ಅಜ್ಜಿ, ಅದು ನಿನ್ನದೇ ಡಬ್ಬಿ. ತಮ್ಮ ಹುಟ್ಟಿದಾಗ ಅಮ್ಮನಿಗೆ ಅಂಟಿನುಂಡೆ ತುಂಬಿಕೊಂಡು ಬಂದಿದ್ದೆಯಲ್ಲ, ಅದೇ. ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂತ ನೀನೇ ಹೇಳಿದ್ದೆ. ಅದಕ್ಕೆ ಎಳ್ಳು ಬೆಲ್ಲ ತುಂಬಿದ್ದೇನೆ. ಅಂಗಡಿಯದಲ್ಲ. ನಾವೇ ಮನೆಯಲ್ಲಿ ಮಾಡಿದ್ದು!

ಭಾನುವಾರ ಮಾಡಿದೆವು. ಚಿಕ್ಕಮ್ಮ ಬಂದಿದ್ದಾಳೆ. ಅಮ್ಮ ತಮ್ಮನನ್ನು ತೊಡೆ ಮೇಲೆ ಹಾಕಿಕೊಂಡು, ಹೇಗೆ ಮಾಡಬೇಕು ಅಂತ ಹೇಳುತ್ತಿದ್ದಳು. ಬೆಲ್ಲ ಮತ್ತು ಕೊಬ್ಬರಿಯನ್ನು ಚಿಕ್ಕಮ್ಮ ಅಡಕತ್ತರಿಯಲ್ಲಿ ಕತ್ತರಿಸಿದಳು. ನನಗೆ ಅಡಕತ್ತರಿ ಕೊಡಲಿಲ್ಲ. ಬೆರಳು ಸಿಕ್ಕಿಕೊಳ್ಳುತ್ತದೆ ಅಂದಳು. ಬೆಲ್ಲ ನೀನು ಮಾಡುವಷ್ಟು ಸಣ್ಣ ಆಗಿಲ್ಲ. ಕೆಲವು ತುಂಡು ನನ್ನ ರಬ್ಬರ್‌ನಷ್ಟು ದೊಡ್ಡದಿದೆ. ಅದನ್ನು ತಾತ ಬಾಯಲ್ಲಿ ಇಟ್ಟುಕೊಂಡು ಚೀಪಲಿ. ಕಚ್ಚುವುದು ಬೇಡ, ಹಲ್ಲು ನೋವು ಬರುತ್ತದೆ.

ನನ್ನ ಕೆಲಸ ಕಡಲೆಕಾಯಿ ಬೀಜ. ಹುರಿದ ಬೀಜ ಆರಿದ ಮೇಲೆ ಎರಡೂ ಕೈಯಲ್ಲಿ ಉಜ್ಜಿದೆ. ಸಿಪ್ಪೆ ಬಿಟ್ಟುಕೊಂಡಿತು. ಆಮೇಲೆ ಬಾಲ್ಕನಿಗೆ ಹೋಗಿ ಮೊರದಲ್ಲಿ ಕೇರಿದೆ. ನೀನು ಕೇರಿದರೆ ಸಿಪ್ಪೆ ಮಾತ್ರ ಹಾರುತ್ತದೆ. ನಾನು ಕೇರಿದಾಗ ಒಂದಿಷ್ಟು ಬೀಜವೂ ಕೆಳಗೆ ಬಿತ್ತು. ಅದನ್ನು ಅಳಿಲು ಬಂದು ತಿಂದುಕೊಂಡು ಹೋಯಿತು. ಎರಡನೇ ಸಲ ಸರಿಯಾಗಿ ಬಂತು.

ಆಮೇಲೆ ಒಂದೊಂದೇ ಬೀಜವನ್ನು ಎರಡು ಹೋಳು ಮಾಡಿದೆ. ತಾತ, ಒಂದು ವಿಷಯ ಗೊತ್ತಾ? ಬೀಜದ ಒಳಗೆ ತುದಿಯಲ್ಲಿ ಪುಟ್ಟದಾಗಿ ಒಂದು ಮೊಳಕೆ ಇರುತ್ತದೆ. ಹತ್ತಿರದಿಂದ ನೋಡಿದರೆ ಅದು ಗಡ್ಡ ಬಿಟ್ಟ ತಾತನ ಹಾಗೆ ಕಾಣುತ್ತದೆ. ತಲೆ ಇದೆ, ಚೂಪು ಗಡ್ಡ ಇದೆ. ಎಲ್ಲ ಬೀಜದಲ್ಲೂ ಒಬ್ಬ ತಾತ! ನಾನು ಎಣಿಸುತ್ತಾ ಹೋದೆ. 140 ತಾತ ಆದ ಮೇಲೆ ನಿದ್ದೆ ಬಂತು.

ಎಳ್ಳು ಹುರಿಯುವಾಗ ಚಟಪಟ ಅಂತ ಸಿಡಿಯಿತು. ನಮ್ಮ ಮನೆಯೆಲ್ಲ ಊರಿನ ಅಡುಗೆಮನೆ ವಾಸನೆ ಬಂತು. ತಮ್ಮ ಎರಡು ಸಲ ಸೀನಿದ. ಕೊನೆಗೆ ಹುರಿಗಡಲೆ ಹಾಕಿ, ಎಲ್ಲ ಸೇರಿಸಿ, ನಾನೇ ಕೈಯಾಡಿಸಿದೆ.

ಸಕ್ಕರೆ ಅಚ್ಚೂ ಮಾಡಿದೆವು. ನೀನು ಅಮ್ಮನಿಗೆ ಕೊಟ್ಟ ಮರದ ಅಚ್ಚಿನಲ್ಲೇ ಮಾಡಿದ್ದು. ಗಿಳಿ, ಕಳಶ, ಬಸವ ಮೂರೇ ಇತ್ತು. ಅಚ್ಚನ್ನು ನೀರಿನಲ್ಲಿ ನೆನೆಸಿಟ್ಟು, ರಬ್ಬರ್ ಬ್ಯಾಂಡ್ ಹಾಕಿ, ಚಿಕ್ಕಮ್ಮ ಬಿಸಿ ಪಾಕ ಹುಯ್ದಳು. ನಾನು ದೂರ ನಿಂತು ನೋಡಿದೆ. ಬಿಚ್ಚುವಾಗ ಮೊದಲನೇ ಬಸವನ ಕೊಂಬು ಮುರಿಯಿತು. ನನಗೆ ತುಂಬಾ ಬೇಜಾರಾಯಿತು. ಎರಡನೇ ಬಸವ ಪೂರ್ತಿ ಬಂದ. ಎರಡು ಕೊಂಬು, ನಾಲ್ಕು ಕಾಲು, ಬಾಲ ಎಲ್ಲ ಇದೆ. ಅವನನ್ನೇ ಹತ್ತಿಯಲ್ಲಿ ಸುತ್ತಿ ನಿಮಗೆ ಕಳಿಸಿದ್ದೇನೆ.

ಅಜ್ಜಿ, ಈಗ ನಿನಗೆ ಒಂದು ಮಾತು ಹೇಳಬೇಕು.

ನೀನು ಹೊಸ ವರ್ಷದ ದಿನ ಊರಿಗೆ ಹೊರಟೆಯಲ್ಲ, ಅವತ್ತು ನಾನು ಬಾಗಿಲ ಹಿಂದೆ ನಿಂತಿದ್ದೆ. ನೀನು ಮೂರು ಸಲ "ಸಿರಿ, ಬಾರವ್ವ" ಅಂತ ಕರೆದೆ. ನಾನು ಬರಲಿಲ್ಲ. "ಹೋಗು, ನೀನು ನನಗೆ ಬೇಡ" ಅಂದುಬಿಟ್ಟೆ. ನೀನು ಹಬ್ಬದ ತನಕ ಇರುತ್ತೀಯ ಅಂದುಕೊಂಡಿದ್ದೆ. ಅದಕ್ಕೆ ಕೋಪ ಬಂದಿತ್ತು. ಆಟೋ ಹತ್ತುವಾಗ ನೀನು ಕಿಟಕಿ ಕಡೆ ತಿರುಗಿ ನೋಡಿದೆ. ನಾನು ಬಗ್ಗಿ ಬಚ್ಚಿಟ್ಟುಕೊಂಡೆ. ನಿನಗೆ ಟಾಟಾ ಮಾಡಲಿಲ್ಲ.

ಆಮೇಲೆ ನೋಡಿದರೆ ನನ್ನ ಸ್ಕೂಲ್ ರಿಬ್ಬನ್ ಎರಡೂ ದಿಂಬಿನ ಹತ್ತಿರ ಇತ್ತು. ನೀನು ಒಗೆದು, ಒಣಗಿಸಿ, ಸುರುಳಿ ಸುತ್ತಿ ಇಟ್ಟಿದ್ದೆ. ಅದನ್ನು ನೋಡಿ ನನಗೆ ಅಳು ಬಂತು.

ಕಬ್ಬು ಕಡಿಯಲು ಬಂದಿದೆ, ತಾತ ಒಬ್ಬರೇ ಇದ್ದಾರೆ, ಮೂರು ಹೊತ್ತು ಅಡುಗೆ ಯಾರು ಮಾಡುತ್ತಾರೆ ಅಂತ ಅಮ್ಮ ಹೇಳಿದಳು. ಅದು ನನಗೆ ಮೊದಲು ಗೊತ್ತಿರಲಿಲ್ಲ. ತಪ್ಪಾಯಿತು ಅಜ್ಜಿ. ನೀನು ನನಗೆ ಬೇಕು. ದಿನಾ ಬೇಕು. ಫೋನಿನಲ್ಲೇ ಹೇಳೋಣ ಅಂದುಕೊಂಡಿದ್ದೆ. ನಿನ್ನ ದನಿ ಕೇಳಿದ ತಕ್ಷಣ ಗಂಟಲು ಕಟ್ಟಿತು. ಅದಕ್ಕೇ ಫೋನನ್ನು ಅಮ್ಮನ ಕೈಗೆ ಕೊಟ್ಟು ಓಡಿಹೋದೆ.

ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಬೇಕು ಅಂತಾರಲ್ಲ. ನಾನು ಒಂದು ಚಮಚ ತಿಂದೇ ಇದನ್ನು ಬರೆದೆ. ನೀನೂ ತಿಂದು ನನ್ನ ಜೊತೆ ಮಾತಾಡು. ಕೋಪ ಮಾಡಿಕೊಂಡಿರಬೇಡ.

ತಾತ, ಹೋದ ವರ್ಷದ ಕಿಚ್ಚು ನನಗೆ ಇನ್ನೂ ಚೆನ್ನಾಗಿ ನೆನಪಿದೆ. ಬೆಳಿಗ್ಗೆ ನಾವಿಬ್ಬರೂ ಬಸವ, ಚೆನ್ನನ ಮೈ ತೊಳೆದೆವು. ನೀವು ಹುಲ್ಲಿನಲ್ಲಿ ಉಜ್ಜಿದಿರಿ. ನಾನು ಚೊಂಬಿನಲ್ಲಿ ನೀರು ಹಾಕಿದೆ. ಆಮೇಲೆ ಮೈಗೆ ಅರಿಶಿನ, ಕೊಂಬಿಗೆ ಬಣ್ಣ, ಕೊರಳಿಗೆ ಚೆಂಡು ಹೂವಿನ ಹಾರ. ನಾನು ಚೆನ್ನನ ಕೊಂಬಿಗೆ ಕೆಂಪು ಬಲೂನು ಕಟ್ಟಿದೆ. ಸಂಜೆ ದಾರಿಗೆ ಅಡ್ಡವಾಗಿ ಹುಲ್ಲು ಹಾಕಿ ಬೆಂಕಿ ಹಚ್ಚಿದರು. ನನಗೆ ತುಂಬಾ ಭಯ ಆಯಿತು. ಬಸವ ಸುಟ್ಟುಕೊಳ್ಳುತ್ತಾನೆ ಅಂತ ಅಳುತ್ತಿದ್ದೆ. ನೀವು ಹಗ್ಗ ಹಿಡಿದು ಅವನ ಜೊತೆಗೇ ಓಡಿದಿರಿ. ಗೆಜ್ಜೆ ಘಲ್ ಘಲ್ ಅಂತು, ಹೊಗೆಯಲ್ಲಿ ಇಬ್ಬರೂ ಕಾಣಲೇ ಇಲ್ಲ. ಆ ಕಡೆ ಬಂದು ನಿಂತ ಮೇಲೆ ನಾನು ಬಸವನ ಕಾಲು ಮುಟ್ಟಿ ನೋಡಿದೆ. ಏನೂ ಆಗಿರಲಿಲ್ಲ.

ಈ ಸಲ ನೀವು ಓಡಬೇಡಿ ತಾತ. ನಿಮಗೆ ಮಂಡಿ ನೋವು ಇದೆ. ಮಾವ ಹಗ್ಗ ಹಿಡಿಯಲಿ. ನೀವು ಪಕ್ಕದಲ್ಲಿ ನಿಂತು ನೋಡಿ. ಬೆಂಕಿ ಸಣ್ಣದಾಗಿ ಹಾಕಲು ಹೇಳಿ. ಗೌರಿಯ ಕರುವನ್ನು ಮಾತ್ರ ಕಿಚ್ಚು ಹಾಯಿಸಬೇಡಿ. ಅದು ಇನ್ನೂ ಪಾಪು.

ತಮ್ಮನಿಗೆ ಇದು ಮೊದಲನೇ ಸಂಕ್ರಾಂತಿ. ಹಬ್ಬದ ದಿನ ಅವನಿಗೆ ಕರಿ ಎರೆಯುತ್ತಾರಂತೆ. ಎಲಚಿ ಹಣ್ಣು, ಕಬ್ಬಿನ ಸಣ್ಣ ಚೂರು, ಚಿಲ್ಲರೆ ಕಾಸು ಎಲ್ಲ ತಲೆ ಮೇಲೆ ಹಾಕುತ್ತಾರೆ. ಅವನ ನೆತ್ತಿ ಇನ್ನೂ ಮೆತ್ತಗಿದೆ. ಅದಕ್ಕೆ ಮೆಲ್ಲಗೆ, ಒಂದೊಂದೇ ಹಾಕಬೇಕು ಅಂತ ಎಲ್ಲರಿಗೂ ಹೇಳಿದ್ದೇನೆ. ಚಿಕ್ಕವಳಿದ್ದಾಗ ನನಗೆ ಅಜ್ಜಿಯೇ ಎರೆದಿದ್ದಳಂತೆ. ಫೋಟೋ ನೋಡಿದೆ. ನನ್ನ ಬಾಯಲ್ಲಿ ಒಂದು ಎಲಚಿ ಹಣ್ಣು ಇದೆ!

ಅವನು ಈಗ ನಗುತ್ತಾನೆ ಅಜ್ಜಿ. ನಿದ್ದೆಯಲ್ಲಿ ನಗುತ್ತಾನಲ್ಲ, ಅದಲ್ಲ. ನನ್ನನ್ನು ನೋಡಿ ನಗುತ್ತಾನೆ. ನೀನು ಹಾಡುತ್ತಿದ್ದ ಜೋಗುಳ ನನಗೆ ಅರ್ಧ ಬರುತ್ತದೆ. ಅಷ್ಟನ್ನೇ ಮತ್ತೆ ಮತ್ತೆ ಹಾಡುತ್ತೇನೆ. ಅವನು ಮಲಗಿಬಿಡುತ್ತಾನೆ. ಉಳಿದದ್ದು ಹೇಳಿಕೊಡು.

ಹಬ್ಬದ ದಿನ ಅಮ್ಮನಿಗೆ ಜಾಸ್ತಿ ಕೆಲಸ ಆಗಬಾರದು ಅಂತ ಚಿಕ್ಕಮ್ಮನೇ ಸಿಹಿ ಪೊಂಗಲ್, ಖಾರ ಪೊಂಗಲ್ ಮಾಡುತ್ತಾಳೆ. ಗೆಣಸು, ಅವರೆಕಾಯಿ, ಕಡಲೆಕಾಯಿ ಬೇಯಿಸುತ್ತಾರೆ. ರಂಗೋಲಿ ನಾನು ಹಾಕುತ್ತೇನೆ. ಎರಡು ಕಬ್ಬು, ಮಧ್ಯದಲ್ಲಿ ಒಂದು ಮಡಕೆ. ಚುಕ್ಕಿ ಇಡುವುದು ಈಗ ಸರಿಯಾಗಿ ಬರುತ್ತದೆ. ಸಂಜೆ ಅಕ್ಕಪಕ್ಕದ ಮನೆಗೆ ಎಳ್ಳು ಬೀರಲು ಹೋಗುತ್ತೇನೆ. ನೀನು ಹೊಲಿಸಿದ ಹಸಿರು ಲಂಗ ಹಾಕಿಕೊಳ್ಳುತ್ತೇನೆ. ಲಂಗ ಸ್ವಲ್ಪ ಗಿಡ್ಡ ಆಗಿದೆ, ಆದರೂ ಅದೇ ಬೇಕು.

ಅಪ್ಪ ನನ್ನನ್ನು ಗವಿಪುರದ ಗವಿ ಗಂಗಾಧರೇಶ್ವರ ದೇವಸ್ಥಾನಕ್ಕೂ ಕರೆದುಕೊಂಡು ಹೋಗುತ್ತಾರೆ. ಅದು ಗುಹೆಯ ಒಳಗಿರುವ ದೇವಸ್ಥಾನ. ಸಂಕ್ರಾಂತಿ ದಿನ ಸಂಜೆ ಸೂರ್ಯನ ಬೆಳಕು ಕಲ್ಲಿನ ಬಸವನ ಕೊಂಬಿನ ಮಧ್ಯದಿಂದ ಬಂದು ಶಿವನ ಮೇಲೆ ಬೀಳುತ್ತದೆ. ಮೋಡ ಇದ್ದರೆ ಕಾಣುವುದಿಲ್ಲ. ಮೋಡ ಬರದೇ ಇರಲಿ ಅಂತ ದಿನಾ ಬೇಡಿಕೊಳ್ಳುತ್ತಿದ್ದೇನೆ. ಅಲ್ಲಿ ನಮ್ಮ ಬಸವನಿಗೂ ಚೆನ್ನನಿಗೂ ಒಳ್ಳೆಯದು ಮಾಡು ಅಂತ ಕೇಳಿಕೊಳ್ಳುತ್ತೇನೆ. ತಾತನ ಮಂಡಿಗೂ ಕೇಳಿಕೊಳ್ಳುತ್ತೇನೆ.

ಇನ್ನು ಮೇಲೆ ಹಗಲು ದೊಡ್ಡದಾಗುತ್ತಾ ಹೋಗುತ್ತದೆ ಅಂತ ಸ್ಕೂಲಿನಲ್ಲಿ ಮಿಸ್ ಹೇಳಿದರು. ಹಗಲು ದೊಡ್ಡದಾದರೆ ಬೇಸಿಗೆ ರಜೆ ಬರುತ್ತದೆ. ಪರೀಕ್ಷೆ ಮುಗಿದ ಮಾರನೇ ದಿನವೇ ನಾವು ಊರಿಗೆ ಬರುತ್ತೇವೆ. ತಮ್ಮನೂ ಬರುತ್ತಾನೆ. ಅವನಿಗೆ ಆಲೆಮನೆ, ಕಾಲುವೆ, ನಮ್ಮ ಹಲಸಿನ ಮರ ಎಲ್ಲ ನಾನೇ ತೋರಿಸುತ್ತೇನೆ. ಅಷ್ಟು ಹೊತ್ತಿಗೆ ಅವನು ಕೂರುವುದು ಕಲಿತಿರುತ್ತಾನೆ ಅಂತ ಅಮ್ಮ ಹೇಳಿದಳು.

ಮಂಗಳವಾರ ರಾತ್ರಿ ಏಳೂವರೆಗೆ ನಾನು ಫೋನ್ ಮಾಡುತ್ತೇನೆ. ಈ ಸಲ ಓಡಿಹೋಗುವುದಿಲ್ಲ. ಮೊದಲು ಅಜ್ಜಿ ಮಾತಾಡಬೇಕು, ಆಮೇಲೆ ತಾತ. ಆಮೇಲೆ ಫೋನನ್ನು ಕೊಟ್ಟಿಗೆಗೆ ತೆಗೆದುಕೊಂಡು ಹೋಗಿ ಬಸವನ ಕೊರಳಿನ ಹತ್ತಿರ ಹಿಡಿಯಿರಿ. ಅವನು ತಲೆ ಅಲ್ಲಾಡಿಸಿದರೆ ನನಗೆ ಗೆಜ್ಜೆ ಕೇಳಿಸುತ್ತದೆ.

ಇಂತಿ ನಿಮ್ಮ ಪ್ರೀತಿಯ ಮೊಮ್ಮಗಳು,
ಸಿರಿ
4ನೇ ತರಗತಿ

ಕೆಳಗೆ ನೀಲಿ ಬಣ್ಣದಲ್ಲಿ ಇರುವುದು ತಮ್ಮನ ಕಾಲು. ಹಾಳೆ ಮೇಲೆ ಅವನ ಪಾದ ಇಟ್ಟು ನಾನೇ ಸುತ್ತ ಗೆರೆ ಎಳೆದೆ. ಅವನು ಒದ್ದ, ಅದಕ್ಕೆ ಹೆಬ್ಬೆರಳು ಸೊಟ್ಟ ಬಂದಿದೆ. ನಿಜವಾಗಿ ನೆಟ್ಟಗೇ ಇದೆ ಅಜ್ಜಿ, ಹೆದರಬೇಡ.